ಮಾರುವವರು ಕಳಿಸಿದ ಟೈರ್ ಫೋಟೋದಾಗ 6190 ಅಂತ ಕಾಣ್ತೈತಿ, ಇದು ಯಾವ ವರ್ಷದ್ರಿ?

ಇಳಕಲ್_ಹುಡುಗ
ಎಲ್ಲಾರಿಗೂ ನಮಸ್ಕಾರ್ರಿ. ಬೆಳಗಾವಿ ಒಳಗ ಒಂದು ಸೆಕೆಂಡ್ ಹ್ಯಾಂಡ್ ಎರ್ಟಿಗಾ ನೋಡಾಕತ್ತೀನಿ. ಆರ್‌ಸಿ ಒಳಗ ತಯಾರಾದ ತಿಂಗಳು 03/2019 ಐತಿ. ನಾವು ಇರೋದು ಇಳಕಲ್ಲಿನ್ಯಾಗ, ಸುಮ್ಮನ ಹೋಗಿ ಬರೋದಕ್ಕ ದಿನ ಕೆಡ್ತೈತಿ, ಅದಕ್ಕ ಮೊದಲ ಫೋಟೋ ಕಳಿಸ್ರಿ ಅಂದೆ. ಮಾರುವವರು "ನಾಲ್ಕೂ ಟೈರ್ 2023ರಾಗ ಹಾಕ್ಸೇವಿ, ಇನ್ನ ಮೂರು ವರ್ಷ ನೋಡಂಗಿಲ್ಲ" ಅಂದಾರ.

ನಾಲ್ಕು ಫೋಟೋ ಬಂದಾವು. ನನಗ ಕಂಡದ್ದು ಇಷ್ಟು:

```
ಮುಂದಿನ ಎಡ   : 185/65 R15 88H   6190
ಮುಂದಿನ ಬಲ   : 185/65 R15 88H   8323
ಹಿಂದಿನ ಬಲ   : 175/65 R15 84T   ತಾರೀಖು ಕಾಣಂಗಿಲ್ಲ
ಹಿಂದಿನ ಎಡ   : 185/65 R15 8?    ಬರೇ ಹೊಳಪು
```

ಕಡೇ ನಾಲ್ಕು ಅಂಕಿ ವಾರ ಮತ್ತ ವರ್ಷ ಅಂತ ಗೊತ್ತೈತಿ. ಆದ್ರ 61ನೇ ವಾರ, 90ನೇ ಇಸವಿ? 83ನೇ ವಾರ? ವರ್ಷಕ್ಕ 52 ವಾರ ಅಲ್ಲೇನ್ರಿ? ಇವು ಬ್ಯಾಚ್ ನಂಬರ್ ಇರಬಹುದೇನು?

ಬಬಲೇಶ್ವರ_ದ್ರಾಕ್ಷಿ
ಎರ್ಟಿಗಾಕ್ಕ ಈಗ ಒಳ್ಳೇ ರೇಟ್ ಐತಿ. ಡೀಸೆಲ್ಲೋ ಪೆಟ್ರೋಲೋ ಹೇಳ್ರಿ, ಎಷ್ಟಕ್ಕ ಕೇಳಬೇಕು ಅಂತ ನಾ ಹೇಳ್ತೀನಿ.

ಇಳಕಲ್_ಹುಡುಗ
ರೇಟಿನ ಮಾತು ಆಮ್ಯಾಲ ಅಣ್ಣಾರ. ಮೊದಲ ಟೈರ್ ವಯಸ್ಸು ತಿಳೀಲಿ. ಪೆಟ್ರೋಲ್.

ಚನ್ನಮ್ಮ_ಸರ್ಕಲ್
ನಾನು ಗ್ಯಾರೇಜ್ ಇಟ್ಟವ. 6190 ಅದು ಅಚ್ಚಿನ ನಂಬರ್, ತಲಿ ಕೆಡಿಸ್ಕೋಬ್ಯಾಡ್ರಿ. ತಾರೀಖು ಬೇಕಂದ್ರ ಐಎಸ್‌ಐ ಗುರುತಿನ ಹತ್ರ CM/L ಅಂತ ಇರ್ತೈತಿ, ಅದರ ಕಡೇ ನಾಲ್ಕು ಅಂಕಿ ನೋಡ್ರಿ. ಮತ್ತ H ಅಂದ್ರ ಹೆವಿ, ಅಂದ್ರ ಗಟ್ಟಿ ಟೈರ್. T ಅಂದ್ರ ಟ್ಯೂಬ್ ಹಾಕೋದು. ಹಿಂದಿನ ಬಲದ್ದು ಟ್ಯೂಬ್ ಟೈರ್ ಹಾಕ್ಯಾರ, ಅಷ್ಟ. ಆದ್ರ ಹಿಂದ ಒಂದು 185, ಒಂದು 175 ಇದ್ರ ಗಾಡಿಗೆ ಒಳ್ಳೇದಲ್ಲ, ಡಿಫರೆನ್ಷಿಯಲ್ ಹೋಗ್ತೈತಿ.

ಟೈರ್_ಕಾಕಾ
ಚನ್ನಮ್ಮ ಸರ್ಕಲ್ ಅವರು ಕಡೇಗೆ ಹೇಳಿದ್ದರಲ್ಲಿ ಅರ್ಧ ಖರೆ ಐತಿ, ಅದಕ್ಕ ಆಮ್ಯಾಲ ಬರ್ತೀನಿ. ಮೊದಲ 6190.

ತಮ್ಮಾ, ಫೋಟೋ ತಲಿಕೆಳಗ ಮಾಡಿ ನೋಡು. 0 ಹಂಗ 0, 1 ಹಂಗ 1, 6 ಇದ್ದದ್ದು 9 ಆಗ್ತೈತಿ, 9 ಇದ್ದದ್ದು 6. ಹಿಂದಿನಿಂದ ಓದಿದ್ರ 0619. 2019ರ ಆರನೇ ವಾರ, ಅಂದ್ರ ಫೆಬ್ರುವರಿ ಮೊದಲ ಭಾಗ. ಗಾಡಿ ತಯಾರಾದದ್ದು ಮಾರ್ಚ್ 2019. ಹಂಗಂದ್ರ ಇದು ಗಾಡಿ ಜೋಡಿ ಕಂಪನಿಯಿಂದ ಬಂದ ಟೈರ್, ಹೊರಗ ಹಾಕಿಸಿದ್ದಲ್ಲ. ಗಾಡಿ ಕಟ್ಟೋದಕ್ಕಿಂತ ಕೆಲವು ವಾರ ಮೊದಲಿನ ಟೈರ್ ಫ್ಯಾಕ್ಟರಿಗೆ ಬಂದಿರ್ತೈತಿ, ತಾರೀಖು ಸರಿಯಾಗಿ ಕೂಡ್ತೈತಿ. "ನಾಲ್ಕೂ 2023" ಅನ್ನೋ ಮಾತು ಇಲ್ಲೇ ಮುರೀತು.

ತಲಿಕೆಳಗ ಯಾಕ ಬಂತು? ಟೈರ್ ಮ್ಯಾಲಿನ ಬರಹ ಸುತ್ತಾ ಹೊಂಟಿರ್ತೈತಿ. ಗಾಡಿ ನಿಂತಾಗ ಆ ಜಾಗ ಮ್ಯಾಲ ಇದ್ರ ನೆಟ್ಟಗ ಕಾಣ್ತೈತಿ, ನೆಲದ ಕಡೆ ಇದ್ರ ಉಲ್ಟಾ. ಅವರು ಬರೇ ನಾಲ್ಕು ಅಂಕಿ ಝೂಮ್ ಮಾಡಿ ತೆಗೆದಾರ. ಅದಕ್ಕ ಯಾವತ್ತೂ ಫೋಟೋದಾಗ DOT ಅನ್ನೋ ಅಕ್ಷರದಿಂದ ಹಿಡಿದು ಕಡೇ ಅಂಕಿ ತನಕ ಪೂರಾ ಸಾಲು ಕೇಳ್ರಿ. ಸಾಲು ನೆಟ್ಟಗ ಇದ್ರ DOT ಎಡಕ್ಕ ಇರ್ತೈತಿ, ತಾರೀಖು ಬಲಕ್ಕ. DOT ಬಲಕ್ಕ ಬಂದು ಉಲ್ಟಾ ನಿಂತಿತ್ತು ಅಂದ್ರ ಫೋನ್ ತಿರುಗಿಸಿ ಓದಬೇಕು.

ಇಳಕಲ್_ಹುಡುಗ
ಅಯ್ಯೋ ಖರೇನ ಕಾಕಾ! ಅದೇ ಫೋಟೋದಾಗ ಬಾಜೂಕ ಅರ್ಧ ಕಾಣೋ ಒಂದು ಅಕ್ಷರ ಉಲ್ಟಾ ಇತ್ತು, ನಾ ಗಮನಿಸಿರಲಿಲ್ಲ. ಮತ್ತ 8323?

ಟೈರ್_ಕಾಕಾ
ಅದನ್ನ ತಿರುಗಿಸಿದ್ರ 3 ಅನ್ನೋದು ಅಂಕಿ ಆಗಿ ಉಳಿಯಂಗಿಲ್ಲ, ಹಂಗಾಗಿ ಅದು ನೆಟ್ಟಗನ ಐತಿ. ಅಲ್ಲಿ ಬೇರೆ ತಕರಾರು. ಕರೀ ರಬ್ಬರ್ ಮ್ಯಾಲ ಕರೀ ಅಂಕಿ, ಎತ್ತರ ಒಂದು ಮಿಲಿಮೀಟರ್ ಸೈತ ಇರಂಗಿಲ್ಲ, ಮಣ್ಣು ತುಂಬಿದ್ರ 3 ಹೋಗಿ 8 ಕಾಣ್ತೈತಿ, 0 ಹೋಗಿ 8 ಕಾಣ್ತೈತಿ. ವಾರ 01ರಿಂದ 53ರ ಒಳಗ ಇರಬೇಕು. ಮೊದಲ ಅಂಕಿ 5 ದಾಟಿತ್ತು ಅಂದ್ರ ಓದಿದ್ದು ತಪ್ಪು, ಅಷ್ಟು ನಂಬಬಹುದು. ಹಂಗಾದ್ರ ಇದು 3323 ಇರಬೇಕು ಇಲ್ಲಾ 0323 ಇರಬೇಕು. ಮೊದಲನೇದು ಆಗಸ್ಟ್ 2023, ಎರಡನೇದು ಜನವರಿ 2023. ಫೋಟೋ ನೋಡಿ ಇದರಾಗ ಯಾವುದು ಅಂತ ನಾ ಹೇಳಾಕ ಬರಂಗಿಲ್ಲ. ವರ್ಷ 23 ಅನ್ನೋದು ಸ್ಪಷ್ಟ ಐತಿ, ಇಲ್ಲಿ ಮಾರುವವರ ಮಾತು ಖರೆ.

ವಾರದಿಂದ ತಿಂಗಳು ಬೇಕಂದ್ರ 4.3ರಿಂದ ಭಾಗಿಸ್ರಿ. 33 ಭಾಗಿಸಿದ್ರ ಏಳೂವರೆ ದಾಟ್ತೈತಿ, ಅಂದ್ರ ಎಂಟನೇ ತಿಂಗಳು ನಡದಿತ್ತು.

CM/L ಮಾತು ಬಿಡ್ರಿ. ಅದು ಐಎಸ್‌ಐ ಗುರುತು ಹಾಕಾಕ ಕಂಪನಿಗೆ ಕೊಟ್ಟ ಲೈಸೆನ್ಸ್ ನಂಬರ್. ಅದೇ ಫ್ಯಾಕ್ಟರಿಯ ಹೋದ ವರ್ಷದ ಟೈರಿಗೂ ಈ ವರ್ಷದ ಟೈರಿಗೂ ಅದೇ ಇರ್ತೈತಿ. ಅದರಾಗ ತಾರೀಖು ಹುಡುಕಿದ್ರ ಸಿಗಂಗಿಲ್ಲ.

ಚನ್ನಮ್ಮ_ಸರ್ಕಲ್
ನಮ್ಮ ಕಡೆ ಎಲ್ಲಾರೂ ಹಂಗ ನೋಡ್ತಾರ್ರಿ. ಇರಲಿ, ಒಪ್ಪಿದೆ. ಆದ್ರ H ಹೆವಿ ಅಲ್ಲ ಅಂತ ಹೆಂಗ ಹೇಳ್ತೀರಿ? H ಟೈರ್ ಕೈಯಾಗ ಹಿಡಿದ್ರ ಗಟ್ಟಿ ಇರ್ತೈತಿ.

ಟೈರ್_ಕಾಕಾ
H ಅಂದ್ರ ಗಂಟೆಗೆ 210 ಕಿಲೋಮೀಟರ್ ತನಕ ತಡಕೊಳ್ಳೋ ಟೈರ್. T ಅಂದ್ರ 190. S ಇದ್ರ 180, V ಇದ್ರ 240. ಇಂಗ್ಲಿಷ್ ವರ್ಣಮಾಲೆ ಪ್ರಕಾರ H ಅನ್ನೋದು S, T ಕಿಂತ ಮೊದಲ ಬರ್ತೈತಿ, ಹಂಗಾಗಿ ಭಾಳ ಮಂದಿ H ಕಡಿಮಿ ಅಂತ ತಿಳ್ಕೊಳ್ತಾರ. ಆದ್ರ ಈ ಪಟ್ಟಿಯಾಗ ಅದರ ಜಾಗ U ಮತ್ತ V ನಡುವ.

ಟ್ಯೂಬ್ ಇಲ್ಲದ ಟೈರಿಗೆ ಬ್ಯಾರೇನ TUBELESS ಅಂತ ದೊಡ್ಡ ಅಕ್ಷರದಾಗ ಬರದಿರ್ತಾರ. 84ರ ಪಕ್ಕ ಇರೋ T ಗೂ ಟ್ಯೂಬಿಗೂ ಸಂಬಂಧ ಇಲ್ಲ.

ಯಾರರ 200ರ ಮ್ಯಾಲ ಓಡಿಸ್ತಾರೇನು ಅಂತ ಕೇಳಬಹುದು. ಓಡಿಸಂಗಿಲ್ಲ. ಆದ್ರ ವೇಗದ ಅಕ್ಷರ ಅನ್ನೋದು ಬಿಸಿ ತಡಕೊಳ್ಳೋ ತಾಕತ್ತಿನ ಅಳತಿ ಸೈತ. ಏಪ್ರಿಲ್‌ದಾಗ ವಿಜಯಪುರ ರೋಡಿನ್ಯಾಗ ಏಳು ಮಂದಿ ಕೂತು ಗಾಳಿ ಕಡಿಮಿ ಇಟ್ಟು ಓಡಿಸಿದ್ರ ಟೈರ್ ಒಳಗ ಬಿಸಿ ಹುಟ್ಟೋದು ವೇಗದಿಂದ ಅಷ್ಟ ಅಲ್ಲ. ಅದಕ್ಕ ಗಾಡಿ ಕಂಪನಿ ಹೇಳಿದ ಅಕ್ಷರಕ್ಕಿಂತ ಕೆಳಗಿಂದು ನಾ ಹಾಕಂಗಿಲ್ಲ.

ಮುಧೋಳ_ಟ್ರಾಲಿ
ನಂದೂ ಒಂದು ಪ್ರಶ್ನೆ ಐತ್ರಿ. ಕಬ್ಬಿನ ಟ್ರಾಲಿಗೆ 9.00-16 ಟೈರ್ ಐತಿ, ಮ್ಯಾಲ 16PR ಅಂತ ಐತಿ. ಅಂದ್ರ 16ನೇ ಇಸವಿದಾ? ಸೀಸನ್ ಶುರು ಆಗೋದರಾಗ ಬದಲಿ ಮಾಡಬೇಕಾ?

ಟೈರ್_ಕಾಕಾ
ಇಸವಿ ಅಲ್ಲ ಅಣ್ಣಾ. PR ಅಂದ್ರ ಪ್ಲೈ ರೇಟಿಂಗ್, ಎಷ್ಟು ಭಾರ ತಡೀತೈತಿ ಅನ್ನೋ ಹಳೇ ಲೆಕ್ಕ. ಹತ್ತಿ ನೂಲಿನ ಪದರ ಇದ್ದ ಕಾಲದ್ದು. ಈಗ ಒಳಗ 16 ಪದರ ಖರೇನ ಇರಂಗಿಲ್ಲ, ಅಷ್ಟು ಪದರದ ತಾಕತ್ತು ಐತಿ ಅಂತ ಅರ್ಥ. 12PR ತೆಗೆದು 16PR ಹಾಕಿದ್ರ ಹೆಚ್ಚಿನ ಗಾಳಿ ಹಿಡೀತೈತಿ, ಹೆಚ್ಚಿನ ಭಾರ ಎಳೀತೈತಿ. ತಾರೀಖು ಬ್ಯಾರೇ ಕಡೆ ಹುಡುಕ್ರಿ, ನಾಲ್ಕು ಅಂಕಿ.

ಟಿಳಕವಾಡಿ_ಅಕ್ಕ
ಹಿಂದಿನ ಎಡದ್ದು ಹೊಳಪು ಬಂದೈತಿ ಅಂದ್ರಲ್ಲ, ಅದು ಟೈರ್ ಪಾಲಿಶ್. ಮಾರಾಟಕ್ಕ ಇಟ್ಟ ಗಾಡಿಗೆ ಎಲ್ಲಾರೂ ಬಳೀತಾರ. ಫ್ಲ್ಯಾಶ್ ಹಾಕಿ ಎದುರಿನಿಂದ ತೆಗೆದ್ರ ಬೆಳಕು ಸೀದಾ ವಾಪಸ್ ಬಂದು ಅಂಕಿ ಮುಚ್ಚಿ ಹೋಗ್ತೈತಿ. ನಾನು ಸ್ಕೂಟಿ ಮಾರೋ ಹೊತ್ತಿಗೆ ಹಿಂಗ ಮಾಡಿದ್ದೆ: ಒದ್ದೆ ಅರಿವಿಲೆ ಒರೆಸಿ ಒಣಗಾಕ ಬಿಡೋದು, ಸೀಮೆಸುಣ್ಣ ಅಡ್ಡ ಹಿಡಿದು ಅಂಕಿ ಮ್ಯಾಲ ಹಗುರಕ ತಿಕ್ಕೋದು. ಎದ್ದ ಅಂಕಿ ಅಷ್ಟ ಬಿಳಿ ಆಗ್ತಾವ. ಸೀಮೆಸುಣ್ಣ ಇಲ್ಲಂದ್ರ ದೇವರ ಮನಿ ವಿಭೂತಿ ಗಟ್ಟಿನೂ ನಡೀತೈತಿ, ಅತ್ತಿ ಬೈದ್ರ ನಾ ಜವಾಬ್ದಾರಿ ಅಲ್ಲ.

ಸುಣ್ಣ ಇಲ್ಲದಿದ್ರ ಇನ್ನೊಬ್ಬರ ಫೋನ್ ಟಾರ್ಚ್ ಹಚ್ಚಿ ಟೈರಿಗೆ ಅಂಟಿಸಿದಂಗ ಬಾಜೂಲಿಂದ ಹಿಡೀರಿ. ಅಂಕಿ ನೆರಳು ಬೀಳ್ತೈತಿ, ಆ ನೆರಳ ಓದಾಕ ಬರ್ತೈತಿ. ಫ್ಲ್ಯಾಶ್ ಮಾತ್ರ ಬಂದ್ ಇಡ್ರಿ.

ಇಳಕಲ್_ಹುಡುಗ
ಅಕ್ಕಾರ ಇದು ಭಾಳ ಚಲೋ ಆತು, ಈಗ ಅವರಿಗೆ ವಾಟ್ಸಾಪ್ ಮಾಡ್ತೀನಿ. ಹಿಂದಿನ ಬಲದ ಟೈರಿಗೆ ಮಾತ್ರ ಅವರು "ತಾರೀಖು ತಿಕ್ಕಿ ಅಳಿಸಿ ಹೋಗೈತಿ" ಅಂತಾರ. ಫೋಟೋದಾಗ DOT ಐತಿ, ಅದರ ಮುಂದ ಕೆಲವು ಅಕ್ಷರ ಐತಿ, ಆಮ್ಯಾಲ ಖಾಲಿ.

ಟೈರ್_ಕಾಕಾ
ಅಳಿಸಿ ಹೋಗಿರಾಕಿಲ್ಲ. ಪೂರಾ ಸಾಲು, ತಾರೀಖಿನ ಜೋಡಿ, ಒಂದ ಮಗ್ಗಲಿಗೆ ಇದ್ರ ಸಾಕು ಅಂತ ನಿಯಮ ಐತಿ. ಇನ್ನೊಂದು ಮಗ್ಗಲಿಗೆ DOT ಮತ್ತ ಅರ್ಧ ಸಾಲು ಇದ್ದು ತಾರೀಖು ಇರಂಗಿಲ್ಲ. ಕಾರಣ ಸರಳ: ತಾರೀಖಿನ ನಾಲ್ಕು ಅಂಕಿ ಅಚ್ಚಿನ್ಯಾಗ ಒಂದು ಸಣ್ಣ ಬಿಲ್ಲೆ ಮ್ಯಾಲ ಇರ್ತಾವ, ಅದನ್ನ ವಾರ ವಾರ ಬದಲಿಸಬೇಕು. ಎರಡೂ ಕಡೆ ಬದಲಿಸೋ ಕೆಲಸ ಯಾರಿಗೆ ಬೇಕು. ಟೈರ್ ಕೂಡಿಸುವಾಗ ತಾರೀಖಿನ ಮಗ್ಗಲು ಒಳಗ ಹೋದ್ರ ಹೊರಗಿನಿಂದ ಕಾಣಂಗಿಲ್ಲ.

ಆ ಬಿಲ್ಲೆ ಗುರುತು ಚಂದಾಗಿ ಕಾಣ್ತೈತಿ. ನಾಲ್ಕು ಅಂಕಿ ಸುತ್ತ ಸಣ್ಣ ಗೆರೆಯ ಚೌಕಟ್ಟು ಇಲ್ಲಾ ಮೊಟ್ಟೆಯಾಕಾರದ ಅಂಚು ಇರ್ತೈತಿ. ಯಾರರ ಬೇಕಂತಲೇ ತಿಕ್ಕಿದ್ರ ಆ ಅಂಚಿನ ಜಾಗಾ ಉಸುಕು ಕಾಗದ ಹಚ್ಚಿದಂಗ ಒರಟಾಗಿ, ಬೂದಿ ಬಣ್ಣ ಆಗಿರ್ತೈತಿ. ನಿಮ್ಮ ಫೋಟೋದಾಗ DOT ಮುಂದಿನ ಜಾಗಾ ನುಣ್ಣಗ ಐತೋ ಒರಟು ಐತೋ ನೋಡಿ ಹೇಳ್ರಿ.

ಇಳಕಲ್_ಹುಡುಗ
ನುಣ್ಣಗ ಐತಿ ಕಾಕಾ. ಚೌಕಟ್ಟು ಏನೂ ಇಲ್ಲ.

ಟೈರ್_ಕಾಕಾ
ಹಂಗಾದ್ರ ಮೋಸ ಅಲ್ಲ, ಒಳಗಿನ ಮಗ್ಗಲಿಗೆ ಐತಿ. ಮುಂದಿನ ಗಾಲಿ ಆಗಿದ್ರ ಸ್ಟಿಯರಿಂಗ್ ಪೂರಾ ತಿರುಗಿಸಿ ಫೋನ್ ಒಳಗ ತೂರಿಸಿದ್ರ ಸಿಗ್ತಿತ್ತು. ಇದು ಹಿಂದಿಂದು, ಕೆಳಗ ಮಲಗಬೇಕು ಇಲ್ಲಾ ಜ್ಯಾಕ್ ಹಚ್ಚಿ ಗಾಲಿ ಬಿಚ್ಚಬೇಕು.

ಈಗ 175ರ ಮಾತು. 185/65 R15 ಅಂದ್ರ ಅಗಲ 185 ಮಿಲಿಮೀಟರ್, ಮಗ್ಗಲಿನ ಎತ್ತರ ಅದರ ಶೇಕಡಾ 65, ರಿಮ್ 15 ಇಂಚು. ಲೆಕ್ಕ ಹಾಕಿದ್ರ ಪೂರಾ ಎತ್ತರ 621 ಮಿಲಿಮೀಟರ್ ಚಿಲ್ಲರೆ. 175/65 R15 ಆದ್ರ 608 ಚಿಲ್ಲರೆ. ಹದಿಮೂರು ಮಿಲಿಮೀಟರ್ ಗಿಡ್ಡ, ಶೇಕಡಾ ಎರಡರಷ್ಟು. ಒಂದ ಆ್ಯಕ್ಸಲ್ಲಿನ ಎರಡು ತುದಿಗೆ ಹಿಂಗ ಇರಬಾರದು. ಮಳಿಯಾಗ ಗಟ್ಟಿ ಬ್ರೇಕ್ ಹಿಡಿದ್ರ ಎರಡು ಕಡೆ ಹಿಡಿತ ಒಂದ ನಮೂನಿ ಇರಂಗಿಲ್ಲ.

ಚನ್ನಮ್ಮ ಸರ್ಕಲ್ ಅವರ, ಡಿಫರೆನ್ಷಿಯಲ್ ಮಾತು ಬೊಲೆರೋಗೆ ಖರೆ. ಎರ್ಟಿಗಾ ಎಂಜಿನ್ ಎಳೆಯೋದು ಮುಂದಿನ ಗಾಲಿ, ಹಿಂದ ಡಿಫರೆನ್ಷಿಯಲ್ ಇಲ್ಲೇ ಇಲ್ಲ. ಆದ್ರ ನಾಳೆ ಟೈರ್ ರೊಟೇಶನ್ ಮಾಡಿ ಆ 175 ಮುಂದ ಬಂತು ಅಂದ್ರ ಆಗ ನೀವು ಹೇಳಿದ್ದು ನಿಜ ಆಗ್ತೈತಿ.

ಚನ್ನಮ್ಮ_ಸರ್ಕಲ್
ಹ್ಞಾಂ, ಮುಂದಿನ ಗಾಲಿ ಗಾಡಿ ಅನ್ನೋದು ತಲಿಗೆ ಹೊಳೀಲಿಲ್ಲ. ನಮ್ಮಲ್ಲಿ ಬರೋದು ಬರೇ ಪಿಕಪ್.

84 ಮತ್ತ 88 ಕಿಲೋ ಲೆಕ್ಕ ಅಲ್ಲಲ್ಲ? ಬರೇ ನಾಲ್ಕು ಫರಕ್ ಅದಕ್ಕ ಏನಾಗ್ತೈತಿ?

ಟೈರ್_ಕಾಕಾ
ಅದು ಪಟ್ಟಿಯೊಳಗಿನ ಸಂಖ್ಯೆ, ಕಿಲೋ ಅಲ್ಲ. 88 ಅಂದ್ರ ಒಂದು ಟೈರಿಗೆ 560 ಕಿಲೋ. 84 ಅಂದ್ರ 500 ಕಿಲೋ. ಫರಕ್ ಅರವತ್ತು ಕಿಲೋ, ಒಬ್ಬ ದೊಡ್ಡ ಮನುಷ್ಯಾ.

ಇಲ್ಲಿ ಭಾಳ ಮಂದಿ ನಾಲ್ಕೂ ಕೂಡಿಸಿ ಲೆಕ್ಕ ಹಾಕ್ತಾರ. 560ರವು ಮೂರು, 500ರದ್ದು ಒಂದು, ಒಟ್ಟು 2180, ಗಾಡಿ ಪೂರಾ ತುಂಬಿದ್ರೂ ಅಷ್ಟು ಆಗಂಗಿಲ್ಲ, ನಡೀತೈತಿ ಅಂತಾರ. ಆದ್ರ ಭಾರ ನಾಲ್ಕೂ ಕಡೆ ಸಮ ಹಂಚಂಗಿಲ್ಲ. ಏಳು ಸೀಟಿನ ಗಾಡಿಯಾಗ ಮೂರನೇ ಸಾಲಿನವರು, ಡಿಕ್ಕಿಯೊಳಗಿನ ಚೀಲ, ಎಲ್ಲಾ ಹಿಂದಿನ ಆ್ಯಕ್ಸಲ್ ಮ್ಯಾಲ. ಸಣ್ಣ ಟೈರ್ ಕೂತಿರೋದೂ ಅಲ್ಲೇ. ಮತ್ತ ಆ 500 ಕಿಲೋ ಸಿಗೋದು ಗಾಳಿ ಸರಿ ಇದ್ದಾಗ ಮಾತ್ರ. ಆ ಎರ್ಟಿಗಾದ ಡ್ರೈವರ್ ಬಾಗಿಲು ತೆಗೆದ್ರ ಕಂಬದ ಮ್ಯಾಲ ಸ್ಟಿಕ್ಕರ್ ಇರ್ತೈತಿ, ಸೈಜ್ ಮತ್ತ ಗಾಳಿ ಎರಡೂ ಬರದಿರ್ತಾರ. ಅದರ ಫೋಟೋ ಸೈತ ತರಿಸ್ರಿ.

ಬಬಲೇಶ್ವರ_ದ್ರಾಕ್ಷಿ
ಗಾಳಿ ಎಷ್ಟು ಅಂತ ಟೈರ್ ಮ್ಯಾಲೇ ಬರದಿರ್ತಾರಲ್ರಿ. ನಂದರ ಮ್ಯಾಲ MAX PRESS 51 PSI ಐತಿ. ನಾ ಅಷ್ಟ ಹಾಕಿಸ್ತೀನಿ, ಮೈಲೇಜ್ ಚಲೋ ಬರ್ತೈತಿ.

ಟೈರ್_ಕಾಕಾ
ಅಣ್ಣಾ, ನಾಳೆ ಮುಂಜಾನೆನ ಇಳಿಸ್ರಿ. ಅದು ಟೈರ್ ತಡಕೊಳ್ಳೋ ಮ್ಯಾಲಿನ ಮಿತಿ. ನಿಮ್ಮ ಗಾಡಿಗೆ ಎಷ್ಟು ಬೇಕು ಅನ್ನೋದು ಬಾಗಿಲಿನ ಸ್ಟಿಕ್ಕರ್‌ದಾಗ ಇರ್ತೈತಿ. 51 ಹಾಕಿದ್ರ ಟೈರ್ ನಡುವಷ್ಟ ನೆಲಕ್ಕ ಹತ್ತಿ ನಡುವಷ್ಟ ಸವೀತೈತಿ, ಬ್ರೇಕ್ ಹಿಡಿತ ಕಡಿಮಿ ಆಗ್ತೈತಿ.

ಬಬಲೇಶ್ವರ_ದ್ರಾಕ್ಷಿ
ನಡು ಸವದದ್ದು ಖರೆ. ನಾ ಟೈರ್ ಕಂಪನಿಗೆ ಬೈಯ್ಯಾಕತ್ತಿದ್ದೆ.

ಇಳಕಲ್_ಹುಡುಗ
ಹೊಸಾ ಫೋಟೋ ಬಂದಾವು. ಸೀಮೆಸುಣ್ಣ ಹಚ್ಚಿ ತೆಗೆದಾರ, ಕನ್ನಡಿ ಹಂಗ ಸ್ಪಷ್ಟ ಕಾಣ್ತಾವ. ಟಿಳಕವಾಡಿ ಅಕ್ಕಾರಿಗೆ ಶರಣು.

```
ಮುಂದಿನ ಬಲ   : 185/65 R15 88H   3323
ಹಿಂದಿನ ಎಡ   : 185/65 R15 88H   0719
ಸ್ಟೆಪ್ನಿ       : 185/65 R15 88H   0619
ಸ್ಟಿಕ್ಕರ್       : 185/65 R15
```

ಹಿಂದಿನ ಬಲದ್ದು ಬಿಚ್ಚಿ ತೋರಸ್ರಿ ಅಂದ್ರ "ಅಷ್ಟಕ್ಕ ಯಾರು ಗಾಲಿ ಬಿಚ್ತಾರ" ಅಂದ್ರು. ಆ ಟೈರ್ ಅವರ ಬೀಗರ ಗಾಡಿಯಿಂದ ಬಂದದ್ದಂತ, ಅರ್ಜೆಂಟಿಗೆ ಹಾಕಿದ್ದಂತ.

ಟೈರ್_ಕಾಕಾ
ಚಿತ್ರ ಸ್ವಚ್ಛ ಆತು. ಗಾಡಿ ಜೋಡಿ ಬಂದವು ಮೂರು: ಮುಂದಿನ ಎಡ, ಹಿಂದಿನ ಎಡ, ಸ್ಟೆಪ್ನಿ. ಆರನೇ ವಾರ, ಏಳನೇ ವಾರ, ಒಂದ ಲಾಟ್ ಅನಿಸ್ತೈತಿ. 2023ರಾಗ ಕೊಂಡದ್ದು ಒಂದ. ಇನ್ನೊಂದು ಬೀಗರದ್ದು, ವಯಸ್ಸು ಗೊತ್ತಿಲ್ಲ. ಅವರು ಬೇಕಂತ ಸುಳ್ಳು ಹೇಳಿದ್ರೋ, ಬಿಲ್ ನೋಡದ ನೆನಪಿನ ಮ್ಯಾಲ ಹೇಳಿದ್ರೋ, ಅದು ನಂಗ ಬ್ಯಾಡ. ರೇಟ್ ಮಾತಾಡುವಾಗ ಮೂರು ಹೊಸ ಟೈರಿನ ಖರ್ಚು ನಿಮ್ಮ ತಲಿಯಾಗ ಇರಲಿ: ಎರಡು ಹಳೇವು, ಒಂದು ಸಣ್ಣದು.

ಚನ್ನಮ್ಮ_ಸರ್ಕಲ್
ಮೂರು ಯಾಕ? ಸ್ಟೆಪ್ನಿ ಐತಲ್ಲ. ಓಡೇ ಇಲ್ಲಂದ್ರ ಅದು ಹೊಸದ. ರಬ್ಬರ್ ಕೂದಲು ಸೈತ ಹಂಗ ಇರ್ತಾವ. ಅದನ್ನ ಹಿಂದಿನ ಬಲಕ್ಕ ಹಾಕಿ 175 ತೆಗೆದು ಡಿಕ್ಕಿಯಾಗ ಒಗದ್ರ ಮುಗೀತು. ಮತ್ತ ಐದು ವರ್ಷ ದಾಟಿದ ಟೈರ್ ಓಡಿಸಿದ್ರ ಆರ್‌ಟಿಓದವರು ಹಿಡೀತಾರ, ಅದಕ್ಕ ಎಡಗಡೆ ಎರಡನ್ನ ಮಾತ್ರ ಬದಲಿ ಮಾಡ್ರಿ.

ಟೈರ್_ಕಾಕಾ
ಖಾಸಗಿ ಕಾರಿಗೆ ಐದು ವರ್ಷದ ಕಾನೂನು ಇಲ್ಲ. ಕಾನೂನು ನೋಡೋದು ಗಟ್ಟಿಯ ಆಳ, ಅಂದ್ರ ನೆಲಕ್ಕ ಹತ್ತೋ ಟ್ರೆಡ್ಡಿನ ಆಳ, 1.6 ಮಿಲಿಮೀಟರ್. ಗಟ್ಟಿ ನಡುವಿನ ಸಂದಿನ್ಯಾಗ ಸಣ್ಣ ದಿಬ್ಬ ಇರ್ತಾವ, ಮಗ್ಗಲಿಗೆ TWI ಅಂತ ಗುರುತು ಇರ್ತೈತಿ. ಗಟ್ಟಿ ಆ ದಿಬ್ಬಕ್ಕ ಸಮ ಬಂತಂದ್ರ ತೆಗೀಬೇಕು. ವಯಸ್ಸಿನ ಮಾತಿಗೆ ಭಾಳಷ್ಟು ಟೈರ್ ಕಂಪನಿ ಹೇಳೋದು: ಐದು ವರ್ಷ ಆದ ಮ್ಯಾಲ ವರ್ಷಕ್ಕೊಮ್ಮೆ ತಿಳಿದವರಿಂದ ನೋಡಿಸ್ರಿ, ಟ್ರೆಡ್ ಇನ್ನ ಉಳಿದಿದ್ರೂ ಹತ್ತು ವರ್ಷಕ್ಕ ತೆಗೆದು ಬಿಡ್ರಿ.

ಸ್ಟೆಪ್ನಿ ಹೊಸದು ಅನ್ನೋದು ನಾ ಒಪ್ಪಂಗಿಲ್ಲ. ಓಡಲಿ ಬಿಡಲಿ, ರಬ್ಬರ್ ಗಾಳಿಗೆ, ಬಿಸಿಲಿನ ಕಾವಿಗೆ ಬಿರುಸು ಆಗ್ತಾನ ಇರ್ತೈತಿ. ಅದನ್ನ ಡಿಕ್ಕಿಯಾಗ ಸ್ಟೆಪ್ನಿ ಅಂತ ಇಡಾಕ ತೊಂದ್ರೆ ಇಲ್ಲ. ಏಳು ಮಂದಿ ಕೂಡಿಸಿಕೊಂಡು ಹೈವೇ ಓಡಿಸೋ ಗಾಡಿಗೆ ದಿನಾ ಹಾಕಬಾರದು.

ಚನ್ನಮ್ಮ_ಸರ್ಕಲ್
ಎಂಟು ವರ್ಷದ ಸ್ಟೆಪ್ನಿ ಮ್ಯಾಲ ಗೋಕಾಕದಿಂದ ಸೊಲ್ಲಾಪುರಕ್ಕ ಹೋಗಿ ಬಂದ ಗಿರಾಕಿ ನಮ್ಮಲ್ಲೇ ಅದಾರ. ಕಾಕಾ, ನೀವು ಟೈರ್ ಮಾರೋರು, ಹೊಸದ ಹಾಕ್ರಿ ಅಂತೀರಿ. ನಾ ರಿಪೇರಿ ಮಾಡೋನು, ಇದ್ದದ್ದ ನಡೀಲಿ ಅಂತೀನಿ.

ಟೈರ್_ಕಾಕಾ
ಅದೂ ಖರೆನ ಇರಬಹುದು. ಹುಡುಗ ಎರಡೂ ಕೇಳ್ಯಾನ, ಮಗ್ಗಲಿನ್ಯಾಗ ಬಿರುಕು ಐತೋ ಇಲ್ಲೋ ಅಂತ ನೋಡಿ ತಾನ ತೀರ್ಮಾನ ಮಾಡಲಿ. ಬೆರಳಿನಿಂದ ಒತ್ತಿ ಬಾಗಿಸಿದಾಗ ಸಣ್ಣ ಸಣ್ಣ ಬಿರುಕು ಬಾಯಿ ಬಿಟ್ರ ನನ್ನ ಮಾತು ಕೇಳಬೇಕು.

ಟಿಳಕವಾಡಿ_ಅಕ್ಕ
ಬಿರುಕಿನ ಫೋಟೋ ಬೇಕಂದ್ರ ಅದೇ ಬಾಜೂಲಿನ ಟಾರ್ಚ್. ಎದುರು ಬೆಳಕಿನ್ಯಾಗ ಬಿರುಕು ಕಾಣಂಗೇ ಇಲ್ಲ. ಮತ್ತ ಪಾಲಿಶ್ ಮೊದಲ ಒರೆಸಿಸ್ರಿ, ಅದು ಬಿರುಕಿನ್ಯಾಗ ತುಂಬಿ ಕೂತಿರ್ತೈತಿ.

ಇಳಕಲ್_ಹುಡುಗ
ಹೇಳೇನಿ. ಗಾಲಿ ಬಿಚ್ಚಾಕ ಆಗಂಗಿಲ್ಲ ಅಂದ್ರ ಆ 175ಕ್ಕ ಸೊನ್ನೆ ಬೆಲೆ ಹಿಡೀತೀನಿ ಅಂತ ಸೈತ ಹೇಳೇನಿ. ಇನ್ನೂ ಉತ್ತರ ಬಂದಿಲ್ಲ, ನೀಲಿ ಗೆರೆ ಬಂದಾವು.

ಮುಧೋಳ_ಟ್ರಾಲಿ
ಕಾಕಾ, ನಮ್ಮ ಟ್ರಾಲಿ ಟೈರ್ ಸುಣ್ಣ ಹಚ್ಚಿ ನೋಡಿದೆ. DOT ಇಲ್ಲ. A8 ಅಂತ ಐತಿ, ಅದರ ಆಚೆ ಕಡೆ ನಾಲ್ಕು ಅಂಕಿ 4117. ಅದೇ ತಾರೀಖಾ?

ಟೈರ್_ಕಾಕಾ
A8 ವೇಗದ್ದು, ಗಂಟೆಗೆ 40 ಕಿಲೋಮೀಟರ್. 4117 ಸುತ್ತ ಚೌಕಟ್ಟಿನ ಗೆರೆ ಐತೇನು ನೋಡ್ರಿ. ಇದ್ರ 2017ರ ಅಕ್ಟೋಬರ್. ಟೈರ್ ಗಟ್ಟಿ ಮ್ಯಾಲ ಬ್ಯಾರೇ ರಬ್ಬರ್ ಅಂಟಿಸಿ ರಿಸೋಲ್ ಮಾಡಿಸಿದ್ರೇನು? ಮಾಡಿಸಿದ್ರ ಆ ತಾರೀಖು ಒಳಗಿನ ಮೈಯದ್ದು, ಮ್ಯಾಲಿನ ಗಟ್ಟಿದಲ್ಲ.

ಮುಧೋಳ_ಟ್ರಾಲಿ
ಎರಡು ಸಲ ಮಾಡಿಸೇನ್ರಿ.